ನಿಫ್ಟಿ ಪುಟ್ ಆಪ್ಷನ್ ರಕ್ಷಣೆ: ನಲವತ್ತು ಲಕ್ಷದ ಷೇರುಗಳಿಗೆ ಎಷ್ಟು ಖರ್ಚು, ಎಷ್ಟು ಫಲ

ಷೇರುಗಳನ್ನು ಮಾರದೆ, ಮಾರುಕಟ್ಟೆ ಕುಸಿದಾಗ ಆಗುವ ನಷ್ಟಕ್ಕೆ ಮಾತ್ರ ಒಂದು ಮಿತಿ ಹಾಕಿಕೊಳ್ಳಬೇಕೆನ್ನುವ ಹೂಡಿಕೆದಾರರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ನಿಫ್ಟಿ ಪುಟ್ ಆಪ್ಷನ್ ಕೊಳ್ಳಿ ಎಂಬುದು. ಸಲಹೆಯಲ್ಲಿ ತಪ್ಪಿಲ್ಲ. ಆದರೆ ಆ ರಕ್ಷಣೆಗೆ ತೆರುವ ಬೆಲೆ ಎಷ್ಟು, ಅದು ಯಾವ ಬಗೆಯ ಕುಸಿತದಲ್ಲಿ ಕೈಹಿಡಿಯುತ್ತದೆ, ಯಾವುದರಲ್ಲಿ ಕೈಕೊಡುತ್ತದೆ ಎಂಬುದನ್ನು ರೂಪಾಯಿ ಲೆಕ್ಕದಲ್ಲಿ ನೋಡದೆ ನಿರ್ಧಾರಕ್ಕೆ ಬರಬಾರದು. ಹಾಗೆ ನೋಡುವುದಕ್ಕಾಗಿ ಇಲ್ಲಿ ಒಂದೇ ಉದಾಹರಣೆಯನ್ನು ಆರಂಭದಿಂದ ಕೊನೆಯವರೆಗೆ ಬಿಡಿಸಿದ್ದೇನೆ.

ಒಬ್ಬರ ಬಳಿ 40 ಲಕ್ಷ ರೂಪಾಯಿ ಮೌಲ್ಯದ ಷೇರುಗಳಿವೆ ಎಂದುಕೊಳ್ಳೋಣ. ನಿಫ್ಟಿ 50 ಸೂಚ್ಯಂಕ 25,000ದಲ್ಲಿದೆ. ಮುಂದಿನ ಮೂರು ತಿಂಗಳಿಗೆ ಅವರಿಗೆ ರಕ್ಷಣೆ ಬೇಕಾಗಿದೆ. ನಿಫ್ಟಿ ಪುಟ್ ಕೊಂಡವರಿಗೆ ಸಿಗುವ ಹಕ್ಕು ಇಷ್ಟು: ಒಪ್ಪಂದದ ಅವಧಿ ಮುಗಿಯುವ ಎಕ್ಸ್‌ಪೈರಿ ದಿನ ಸೂಚ್ಯಂಕವು, ಕೊಳ್ಳುವಾಗಲೇ ಆರಿಸಿಕೊಂಡ ಸ್ಟ್ರೈಕ್ ಬೆಲೆಗಿಂತ ಎಷ್ಟು ಅಂಶ ಕೆಳಗೆ ಮುಗಿಯುತ್ತದೋ ಅಷ್ಟು ರೂಪಾಯಿ ಪ್ರತಿ ಯೂನಿಟ್‌ಗೆ ಅವರ ಖಾತೆಗೆ ಬರುತ್ತದೆ. ಸೂಚ್ಯಂಕ ಸ್ಟ್ರೈಕ್‌ಗಿಂತ ಮೇಲೆ ಮುಗಿದರೆ ಏನೂ ಬರುವುದಿಲ್ಲ, ಪುಟ್‌ನ ಬೆಲೆಯಾಗಿ ಕೊಟ್ಟ ಪ್ರೀಮಿಯಂ ಹೋಗುತ್ತದೆ. ಲೆಕ್ಕ ಚುಕ್ತಾ ಆಗುವುದು ಹಣದಲ್ಲಿಯೇ, ಷೇರುಗಳು ಕೈ ಬದಲಾಗುವುದಿಲ್ಲ. ಎಕ್ಸ್‌ಪೈರಿಗೆ ಮೊದಲು ಹಕ್ಕನ್ನು ಚಲಾಯಿಸುವಂತಿಲ್ಲವಾದರೂ ಪುಟ್ಟನ್ನು ಅಂದಿನ ಮಾರುಕಟ್ಟೆ ಬೆಲೆಗೆ ಯಾವ ದಿನ ಬೇಕಾದರೂ ಮಾರಬಹುದು.

ಮೊದಲು ತೀರ್ಮಾನವಾಗಬೇಕಾದದ್ದು ಎಷ್ಟು ಲಾಟ್ ಬೇಕೆಂಬುದು. ಪುಟ್‌ಗಳನ್ನು ಬಿಡಿಯಾಗಿ ಅಲ್ಲ, ನಿಗದಿತ ಸಂಖ್ಯೆಯ ಯೂನಿಟ್‌ಗಳ ಲಾಟ್‌ಗಳಲ್ಲೇ ಕೊಳ್ಳಬೇಕು. 40 ಲಕ್ಷದ ಷೇರಿಗೆ 40 ಲಕ್ಷದ ಪುಟ್ ಸಾಕೆಂದು ತೋರಬಹುದು. ಆದರೆ ನಿಮ್ಮ ಷೇರುಗಳು ನಿಫ್ಟಿಯಷ್ಟೇ ಏರಿಳಿಯುತ್ತವೆ ಎಂಬ ಖಾತರಿಯಿಲ್ಲ. ನಿಫ್ಟಿ ಶೇ 1ರಷ್ಟು ಚಲಿಸಿದಾಗ ನಿಮ್ಮ ಸಂಗ್ರಹ ಸರಾಸರಿ ಎಷ್ಟು ಚಲಿಸುತ್ತದೆ ಎಂಬುದರ ಅಳತೆಯೇ ಬೀಟಾ. ಕಳೆದ ಎರಡು ವರ್ಷಗಳ ವಾರವಾರದ ಏರಿಳಿತವನ್ನು ಶೇಕಡಾವಾರು ಬರೆದುಕೊಂಡು, ಸ್ಪ್ರೆಡ್‌ಶೀಟ್‌ನ ಒಂದು ಕಾಲಂನಲ್ಲಿ ನಿಮ್ಮ ಸಂಗ್ರಹದ್ದನ್ನೂ ಇನ್ನೊಂದರಲ್ಲಿ ನಿಫ್ಟಿಯದ್ದನ್ನೂ ಇಟ್ಟರೆ, ಈ ಒಂದು ಸಾಲು ಬೀಟಾವನ್ನು ಕೊಡುತ್ತದೆ:

```
=SLOPE(B2:B105,C2:C105)
```

ಇದರಲ್ಲಿ B ಕಾಲಂ ನಿಮ್ಮ ಸಂಗ್ರಹ, C ಕಾಲಂ ನಿಫ್ಟಿ. ನಮ್ಮ ಉದಾಹರಣೆಯಲ್ಲಿ ಬೀಟಾ 1.2 ಬಂದಿದೆ ಎಂದಿಟ್ಟುಕೊಳ್ಳೋಣ. ಹಾಗಾದರೆ ರಕ್ಷಿಸಬೇಕಾದ ಮೊತ್ತ 40 ಲಕ್ಷವಲ್ಲ, 48 ಲಕ್ಷ. ನಿಫ್ಟಿಯ ಲಾಟ್ ಗಾತ್ರ ಆಗಾಗ ಬದಲಾಗುತ್ತದೆ; 2025ರ ಕೊನೆಯವರೆಗೆ 75 ಇದ್ದದ್ದು ಆಮೇಲೆ 65 ಆಯಿತು. 65ರ ಲೆಕ್ಕದಲ್ಲಿ ಒಂದು ಲಾಟ್ 16.25 ಲಕ್ಷ ರೂಪಾಯಿಯ ನಿಫ್ಟಿಗೆ ಸಮ. ಮೂರು ಲಾಟ್, ಅಂದರೆ 195 ಯೂನಿಟ್ ಕೊಂಡರೆ 48.75 ಲಕ್ಷಕ್ಕೆ ರಕ್ಷಣೆ ದೊರೆಯುತ್ತದೆ. ಬೇಕಾದ ಮೊತ್ತಕ್ಕೆ ಇದು ಬಹಳ ಹತ್ತಿರ. ಸಂಗ್ರಹ ಹತ್ತು ಲಕ್ಷದಷ್ಟೇ ಇದ್ದರೆ ಒಂದು ಲಾಟ್ ಕೂಡ ಅಗತ್ಯಕ್ಕಿಂತ ಹೆಚ್ಚಾಗುತ್ತದೆ. ಆಗ ಹೆಚ್ಚುವರಿ ಭಾಗವು ರಕ್ಷಣೆಯಾಗಿ ಉಳಿಯದೆ ಮಾರುಕಟ್ಟೆ ಬೀಳಲಿ ಎಂದು ಕಟ್ಟಿದ ಪಂತವಾಗುತ್ತದೆ. ಸಣ್ಣ ಸಂಗ್ರಹದವರಿಗೆ ಈ ದಾರಿ ಹೊಂದುವುದಿಲ್ಲ ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಮುಂದಿನದು ಸ್ಟ್ರೈಕ್‌ನ ಆಯ್ಕೆ. ಮಾರುಕಟ್ಟೆ ನಿರೀಕ್ಷಿಸುವ ಏರಿಳಿತವನ್ನು ಅಳೆಯುವ ಇಂಡಿಯಾ ವಿಕ್ಸ್ 14ರ ಆಸುಪಾಸಿನಲ್ಲಿರುವ ಶಾಂತ ದಿನಗಳಲ್ಲಿ, ಮೂರು ತಿಂಗಳ 25,000 ಸ್ಟ್ರೈಕ್‌ನ ಪುಟ್‌ಗೆ ಸುಮಾರು 560 ರೂಪಾಯಿ, ಶೇ 5ರಷ್ಟು ಕೆಳಗಿನ 23,750ಕ್ಕೆ ಸುಮಾರು 240, ಶೇ 10ರಷ್ಟು ಕೆಳಗಿನ 22,500ಕ್ಕೆ ಸುಮಾರು 110 ರೂಪಾಯಿ ಎಂದು ಹಿಡಿಯುವುದು ನ್ಯಾಯವಾದ ಅಂದಾಜು. 195 ಯೂನಿಟ್‌ಗೆ ಇವು ಕ್ರಮವಾಗಿ 1,09,200, 46,800 ಮತ್ತು 21,450 ರೂಪಾಯಿ ಆಗುತ್ತವೆ. ಮೂರು ತಿಂಗಳ ಲೆಕ್ಕದಲ್ಲಿ ಇವು ದೊಡ್ಡ ಮೊತ್ತಗಳೆನಿಸುವುದಿಲ್ಲ. ಆದರೆ ಇದೇ ರಕ್ಷಣೆಯನ್ನು ವರ್ಷವಿಡೀ, ನಾಲ್ಕು ಬಾರಿ ಕೊಳ್ಳುತ್ತ ಹೋದರೆ ಮೊದಲನೆಯದಕ್ಕೆ 40 ಲಕ್ಷದ ಶೇ 10.9, ಎರಡನೆಯದಕ್ಕೆ ಶೇ 4.7, ಮೂರನೆಯದಕ್ಕೆ ಶೇ 2.1 ಖರ್ಚಾಗುತ್ತದೆ. ಷೇರುಗಳಿಂದ ವರ್ಷಕ್ಕೆ ಸರಾಸರಿ ಶೇ 12 ಬರಬಹುದೆಂದು ನಂಬಿದವರು ಮೊದಲನೆಯ ಪುಟ್ಟನ್ನು ಸದಾ ಕೊಳ್ಳುತ್ತಿದ್ದರೆ, ಕುಸಿತ ಬಾರದ ವರ್ಷಗಳಲ್ಲಿ ಅವರ ಕೈಯಲ್ಲಿ ಬಹುತೇಕ ಏನೂ ಉಳಿಯದು.

ಈ ಖರ್ಚು ಕುಸಿತ ಬಂದ ವರ್ಷಗಳಲ್ಲಿ ಮರಳಿ ಬರುತ್ತದೆಯಲ್ಲವೇ ಎಂದು ಕೇಳಬಹುದು. ಒಂದಿಷ್ಟು ಬರುತ್ತದೆ, ಪೂರ್ತಿ ಬರುವುದಿಲ್ಲ. ಆಪ್ಷನ್ ಬೆಲೆಯಲ್ಲಿ ಅಡಗಿರುವ ನಿರೀಕ್ಷಿತ ಏರಿಳಿತವು ಆಮೇಲೆ ನಿಜವಾಗಿ ಆಗುವ ಏರಿಳಿತಕ್ಕಿಂತ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ಸೂಚ್ಯಂಕದ ಪುಟ್‌ಗಳಲ್ಲಿ, ಅದರಲ್ಲೂ ಕೆಳಗಿನ ಸ್ಟ್ರೈಕ್‌ಗಳಲ್ಲಿ, ಈ ವ್ಯತ್ಯಾಸ ಎದ್ದು ಕಾಣುತ್ತದೆ. ರಕ್ಷಣೆ ಬೇಕೆನ್ನುವವರು ಅನೇಕರಿದ್ದು, ಕುಸಿತದ ಅಪಾಯವನ್ನು ತಲೆಯ ಮೇಲೆ ಹೊತ್ತುಕೊಳ್ಳಲು ಒಪ್ಪುವವರು ಕಡಿಮೆ ಇರುವುದರಿಂದ, ಹೊತ್ತವರು ಅದಕ್ಕೆ ತಕ್ಕ ಪ್ರತಿಫಲ ಕೇಳುತ್ತಾರೆ. ಆದ್ದರಿಂದ ದೀರ್ಘಕಾಲದ ಸರಾಸರಿಯಲ್ಲಿ ಪುಟ್ ಕೊಳ್ಳುವವರು ಕಳೆದುಕೊಳ್ಳುತ್ತಾರೆ ಎಂಬುದನ್ನು ಮೊದಲೇ ಒಪ್ಪಿಕೊಂಡು, ಆ ನಷ್ಟಕ್ಕೆ ಪ್ರತಿಯಾಗಿ ದೊರೆಯುವ ನೆಮ್ಮದಿಗೆ ಅಷ್ಟು ಬೆಲೆಯಿದೆಯೇ ಎಂದು ಕೇಳಿಕೊಳ್ಳುವುದೇ ಸರಿಯಾದ ಕ್ರಮ.

ನಮ್ಮ ಹೂಡಿಕೆದಾರರು ನಡುವಿನ ದಾರಿ ಹಿಡಿದು 23,750ರ ಪುಟ್‌ಗಳಿಗೆ 46,800 ರೂಪಾಯಿ ಕೊಟ್ಟಿದ್ದಾರೆ. ಮೂರು ತಿಂಗಳ ನಂತರ ನಿಫ್ಟಿ ಶೇ 10ರಷ್ಟು ಏರಿದ್ದರೆ ಅವರ ಷೇರುಗಳು ಶೇ 12ರಷ್ಟು, ಅಂದರೆ 4.8 ಲಕ್ಷ ಏರಿರುತ್ತವೆ. ಪ್ರೀಮಿಯಂ ಕಳೆದು 4.33 ಲಕ್ಷ ಲಾಭ ಉಳಿಯುತ್ತದೆ. ನಿಫ್ಟಿ ಶೇ 5ರಷ್ಟು ಇಳಿದು ಸರಿಯಾಗಿ 23,750ರಲ್ಲಿ ನಿಂತರೆ, ಷೇರುಗಳಲ್ಲಿ 2.4 ಲಕ್ಷ ನಷ್ಟವಾದರೂ ಪುಟ್‌ಗಳಿಂದ ಒಂದು ರೂಪಾಯಿಯೂ ಬರುವುದಿಲ್ಲ. ಪ್ರೀಮಿಯಂ ಸೇರಿ ಒಟ್ಟು ನಷ್ಟ 2.87 ಲಕ್ಷ. ವಾಹನ ವಿಮೆಯಲ್ಲಿ ಮೊದಲ ಇಷ್ಟು ಸಾವಿರದ ದುರಸ್ತಿ ಮಾಲೀಕರದೇ ಎನ್ನುವ ಷರತ್ತಿನ ಹಾಗೆ, ಈ ಮೊದಲ ಶೇ 5ರ ಇಳಿಕೆ ಹೂಡಿಕೆದಾರರ ಪಾಲಿನದು. ಪ್ರೀಮಿಯಂ ಕೂಡ ಗಿಟ್ಟಬೇಕಾದರೆ ನಿಫ್ಟಿ 23,510ಕ್ಕಿಂತ ಕೆಳಗೆ ಮುಗಿಯಬೇಕು, ಅಂದರೆ ಸುಮಾರು ಶೇ 6ರಷ್ಟು ಕುಸಿಯಬೇಕು.

ರಕ್ಷಣೆ ಎದ್ದು ಕಾಣುವುದು ಅದರಾಚೆಗೆ. ನಿಫ್ಟಿ ಶೇ 20ರಷ್ಟು ಕುಸಿದು 20,000ಕ್ಕೆ ಬಂದರೆ ಷೇರುಗಳು ಶೇ 24ರಷ್ಟು ಇಳಿದು 9.6 ಲಕ್ಷ ನಷ್ಟವಾಗುತ್ತದೆ. ಪುಟ್‌ಗಳು ಯೂನಿಟ್‌ಗೆ 3,750ರಂತೆ 7,31,250 ರೂಪಾಯಿ ಕೊಡುತ್ತವೆ. ಪ್ರೀಮಿಯಂ ಕಳೆದರೆ 6,84,450. ಒಟ್ಟು ನಷ್ಟ 2.76 ಲಕ್ಷಕ್ಕೆ, ಅಂದರೆ ಸುಮಾರು ಶೇ 7ಕ್ಕೆ ನಿಲ್ಲುತ್ತದೆ. ಕುಸಿತ ಶೇ 10 ಆಗಲಿ, ಶೇ 20 ಆಗಲಿ, ನಷ್ಟ ಹೆಚ್ಚುಕಡಿಮೆ ಇಷ್ಟೇ.

ಆಪ್ಷನ್ ಕುರಿತ ಬಹುತೇಕ ವಿವರಣೆಗಳು ಇಲ್ಲಿಗೆ ನಿಲ್ಲುತ್ತವೆ, ಆದರೆ ಭಾರತದ ಹೂಡಿಕೆದಾರರಿಗೆ ಈ ಚಿತ್ರ ಅಪೂರ್ಣ. ನಿಫ್ಟಿ ಆಪ್ಷನ್‌ಗಳಿಂದ ಬರುವ ಲಾಭ ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯವಹಾರದ ಆದಾಯ. ಷೇರುಗಳ ಮೇಲಿನ ಲಾಭ ಮತ್ತು ನಷ್ಟ ಬಂಡವಾಳ ಗಳಿಕೆಯ ತಲೆಬರಹಕ್ಕೆ ಸೇರುತ್ತವೆ. ಷೇರುಗಳನ್ನು ಮಾರದೇ ಇದ್ದರೆ ನಷ್ಟ ಕಾಗದದ ಮೇಲಷ್ಟೇ ಇರುತ್ತದೆ. ಮಾರಿದರೂ ಬಂಡವಾಳ ನಷ್ಟವನ್ನು ವ್ಯವಹಾರದ ಆದಾಯದ ಎದುರು ಕಳೆಯಲು ಕಾನೂನಿನಲ್ಲಿ ಅವಕಾಶವಿಲ್ಲ. ಹಾಗಾಗಿ ಶೇ 30ರ ಸ್ತರದಲ್ಲಿರುವ ನಮ್ಮ ಹೂಡಿಕೆದಾರರು, ಷೇರುಗಳಲ್ಲಿ 9.6 ಲಕ್ಷ ಕಳೆದುಕೊಂಡ ಅದೇ ವರ್ಷ, ಪುಟ್‌ಗಳಲ್ಲಿ ಬಂದ 6.84 ಲಕ್ಷದ ಮೇಲೆ ಸೆಸ್ ಬಿಟ್ಟು 2.05 ಲಕ್ಷ ತೆರಿಗೆ ಕಟ್ಟಬೇಕಾಗುತ್ತದೆ. ಆಗ ಅವರ ನಿಜವಾದ ನಷ್ಟ 2.76 ಲಕ್ಷವಲ್ಲ, 4.81 ಲಕ್ಷ; ಸಂಗ್ರಹದ ಶೇ 12. ಇದನ್ನು ಸರಿದೂಗಿಸಲು ನಾಲ್ಕನೆಯ ಲಾಟನ್ನೂ ಕೊಳ್ಳಬಹುದು, ಆದರೆ ಖರ್ಚು ಮೂರನೆಯ ಒಂದು ಭಾಗದಷ್ಟು ಏರುತ್ತದೆ. ಇನ್ನೊಂದು ಕಡೆ, ಕುಸಿತ ಬಾರದೆ ಕಳೆದುಹೋದ ಪ್ರೀಮಿಯಂ ವ್ಯವಹಾರದ ನಷ್ಟವಾಗುತ್ತದೆ. ಅದನ್ನು ಸಂಬಳದ ಎದುರು ಕಳೆಯುವಂತಿಲ್ಲವಾದ್ದರಿಂದ ಬೇರೆ ಆದಾಯವಿಲ್ಲದ ಸಂಬಳದಾರರಿಗೆ ಆ ವರ್ಷ ಅದರಿಂದ ಉಪಯೋಗವಿಲ್ಲ. ಲಾಭದ ಮೇಲೆ ತೆರಿಗೆ ತಪ್ಪುವುದಿಲ್ಲ, ನಷ್ಟಕ್ಕೆ ವಿನಾಯಿತಿ ಸುಲಭಕ್ಕೆ ಸಿಗುವುದಿಲ್ಲ. ರಕ್ಷಣೆಗಾಗಿ ಕೊಳ್ಳುವವರನ್ನೂ ದಿನನಿತ್ಯ ವಹಿವಾಟು ನಡೆಸುವವರನ್ನೂ ಒಂದೇ ರೀತಿ ಕಾಣುವ ಈ ವ್ಯವಸ್ಥೆ ನನಗೆ ನ್ಯಾಯವೆನಿಸುವುದಿಲ್ಲ. ಆದರೆ ಲೆಕ್ಕ ಹಾಕಬೇಕಾದದ್ದು ಇರುವ ಕಾನೂನಿನ ಮೇಲೆಯೇ.

ಕುಸಿತದ ವೇಗವೂ ಫಲವನ್ನು ನಿರ್ಧರಿಸುತ್ತದೆ. 2020ರ ಫೆಬ್ರುವರಿ 20ರಂದು ನಿಫ್ಟಿ 12,080ರಲ್ಲಿ ಮುಗಿದಿತ್ತು. ಆ ದಿನ ಶೇ 5ರಷ್ಟು ಕೆಳಗಿನ, 11,500 ಸ್ಟ್ರೈಕ್‌ನ ಮಾರ್ಚ್ ಪುಟ್ ಕೊಂಡವರು, ಮಾರ್ಚ್ 23ರಂದು ಸೂಚ್ಯಂಕ ಒಂದೇ ದಿನದಲ್ಲಿ ಶೇ 13ರಷ್ಟು ಕುಸಿದು 7,610ಕ್ಕೆ ಬಂದಾಗ, ಯೂನಿಟ್‌ಗೆ 3,890 ರೂಪಾಯಿಯ ಹಕ್ಕನ್ನು ಕೈಯಲ್ಲಿಟ್ಟುಕೊಂಡಿದ್ದರು. ಮೂರು ವಹಿವಾಟು ದಿನಗಳ ನಂತರ, ಮಾರ್ಚ್ 26ರ ಎಕ್ಸ್‌ಪೈರಿಯಲ್ಲಿ ನಿಫ್ಟಿ 8,641ಕ್ಕೆ ಚೇತರಿಸಿದ್ದರಿಂದ ಅದು 2,859ಕ್ಕೆ ಇಳಿಯಿತು. ಎರಡೂ ದೊಡ್ಡ ಮೊತ್ತಗಳೇ. ಆದರೂ ಪುಟ್ ಕೊಂಡ ದಿನವೇ ಅದನ್ನು ಯಾವಾಗ ಮಾರುತ್ತೇನೆ ಎಂದು ಬರೆದಿಟ್ಟುಕೊಳ್ಳುವುದು ಏಕೆ ಅಗತ್ಯವೆಂದು ಇದರಿಂದ ತಿಳಿಯುತ್ತದೆ. ಎಲ್ಲ ಲಾಟ್‌ಗಳನ್ನೂ ಒಮ್ಮೆಲೇ ಮಾರಬೇಕೆಂದಿಲ್ಲ. ಮೂರರಲ್ಲಿ ಒಂದನ್ನು ಮಾರಿ, ಆ ಹಣದಲ್ಲಿ ಕುಸಿದ ಷೇರುಗಳನ್ನು ಕೊಂಡು, ಉಳಿದೆರಡನ್ನು ಮುಂದುವರಿಸುವುದು ನಾನು ಒಪ್ಪುವ ಕ್ರಮ.

ನಿಧಾನದ ಇಳಿಕೆಯ ಕಥೆ ಬೇರೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ 26,277ರವರೆಗೆ ಏರಿದ್ದ ನಿಫ್ಟಿ, 2025ರ ಮಾರ್ಚ್ ಮೊದಲ ವಾರದಲ್ಲಿ 22,082ಕ್ಕೆ ಮುಗಿಯಿತು. ಐದು ತಿಂಗಳಲ್ಲಿ ಶೇ 16ರ ಇಳಿಕೆ. ಇಷ್ಟು ದೊಡ್ಡ ಕುಸಿತದಲ್ಲಿ ಪುಟ್ ಕೊಂಡವರು ಸುರಕ್ಷಿತರಾಗಿದ್ದರೆಂದು ಯಾರಿಗಾದರೂ ಅನಿಸುತ್ತದೆ. ತಿಂಗಳವಾರು ಬಿಡಿಸಿದರೆ ಅಕ್ಟೋಬರ್‌ನಲ್ಲಿ ಸುಮಾರು ಶೇ 6, ನವೆಂಬರ್‌ನಲ್ಲಿ ಅತ್ಯಲ್ಪ, ಡಿಸೆಂಬರ್‌ನಲ್ಲಿ ಶೇ 2, ಜನವರಿಯಲ್ಲಿ ಶೇ 1ಕ್ಕೂ ಕಡಿಮೆ, ಫೆಬ್ರುವರಿಯಲ್ಲಿ ಮತ್ತೆ ಸುಮಾರು ಶೇ 6 ಇಳಿಕೆಯಾಗಿದೆ. ಪ್ರತಿ ತಿಂಗಳೂ ಶೇ 5ರಷ್ಟು ಕೆಳಗಿನ ಒಂದು ತಿಂಗಳ ಪುಟ್ಟನ್ನು ಹೊಸದಾಗಿ ಕೊಳ್ಳುತ್ತಿದ್ದವರಿಗೆ ಪ್ರತಿ ತಿಂಗಳೂ ಸ್ಟ್ರೈಕ್ ಕೆಳಗೆ ಸರಿಯುತ್ತಿತ್ತು. ಆದ್ದರಿಂದ ಎರಡು ತಿಂಗಳಲ್ಲಿ ಮಾತ್ರ, ಅದೂ ಶೇ 1ರ ಆಸುಪಾಸು, ಮರಳಿ ಬಂದಿರಬಹುದು. ಒಟ್ಟು ಕುಸಿತ ಅವರ ರಕ್ಷಣೆಯ ಕೆಳಗೆಯೇ ನುಸುಳಿಹೋಯಿತು. ಆರಂಭದಲ್ಲಿಯೇ ಆರು ತಿಂಗಳ ಪುಟ್ ಕೊಂಡವರಿಗೆ ಮಾತ್ರ ಅದು ದಕ್ಕುತ್ತಿತ್ತು. ಮೂರು ತಿಂಗಳಿಗಿಂತ ಕಡಿಮೆ ಅವಧಿಯದನ್ನು ಕೊಳ್ಳಬೇಡಿ ಎಂದು ನಾನು ಹೇಳುವುದು ಇದಕ್ಕಾಗಿಯೇ. ದೂರದ ಎಕ್ಸ್‌ಪೈರಿಗಳಲ್ಲಿ ವಹಿವಾಟು ತೆಳುವಾಗಿದ್ದು ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವೆ ಅಂತರ ಹೆಚ್ಚಿರುವುದರಿಂದ, ವಹಿವಾಟು ಇರುವ ತ್ರೈಮಾಸಿಕ ಎಕ್ಸ್‌ಪೈರಿಯನ್ನು ಆರಿಸಿಕೊಂಡು ಬೆಲೆಯನ್ನು ನಾವೇ ನಿಗದಿಪಡಿಸುವ ಲಿಮಿಟ್ ಆರ್ಡರ್ ಹಾಕುವುದು ಕ್ಷೇಮ.

ಅದೇ ಅವಧಿ ಇನ್ನೊಂದು ಕೊರತೆಯನ್ನೂ ಬಯಲು ಮಾಡಿತು. 2025ರ ಫೆಬ್ರುವರಿಯಲ್ಲಿ ಸಣ್ಣ ಕಂಪನಿಗಳ ಸೂಚ್ಯಂಕಗಳು ನಿಫ್ಟಿಯ ಸುಮಾರು ಎರಡು ಪಟ್ಟು ಬಿದ್ದವು. ಶಾಂತ ಕಾಲದ ಅಂಕಿಗಳಿಂದ ಬೀಟಾ 1.2 ಎಂದು ತೆಗೆದವರ ಸಣ್ಣ ಷೇರುಗಳು ಕುಸಿತದ ವೇಳೆಯಲ್ಲಿ ಅದನ್ನು ಪಾಲಿಸಲಿಲ್ಲ. ನಿಫ್ಟಿ ಪುಟ್ ರಕ್ಷಿಸುವುದು ಇಡೀ ಮಾರುಕಟ್ಟೆಯ ಕುಸಿತದಿಂದ ಮಾತ್ರ. ನಿಮ್ಮಲ್ಲಿರುವ ಒಂದು ಕಂಪನಿಯ ಲೆಕ್ಕಪತ್ರದಲ್ಲಿ ಹಗರಣ ಹೊರಬಿದ್ದರೆ ಅದು ಏನೂ ಮಾಡಲಾರದು. ಬೆಂಗಳೂರಿನಲ್ಲಿ ಅನೇಕರ ಉಳಿತಾಯದ ದೊಡ್ಡ ಭಾಗ ಅವರು ಕೆಲಸ ಮಾಡುವ ಅಮೆರಿಕದ ಕಂಪನಿಯ ಷೇರುಗಳಲ್ಲಿರುತ್ತದೆ. ಅವುಗಳಿಗೂ ನಿಫ್ಟಿಗೂ ಇರುವ ನಂಟು ಸಡಿಲವಾದ್ದರಿಂದ ಈ ಲೇಖನದ ಲೆಕ್ಕ ಅವರಿಗೆ ಅನ್ವಯಿಸದು.

ಭಯ ಹುಟ್ಟಿದ ಮೇಲೆ ಕೊಳ್ಳುವುದು ದುಬಾರಿ. 2024ರ ಲೋಕಸಭಾ ಚುನಾವಣೆಯ ಫಲಿತಾಂಶಕ್ಕೆ ಮುನ್ನ, ಮೇ ತಿಂಗಳಿಡೀ ವಿಕ್ಸ್ ಏರುತ್ತಲೇ ಇತ್ತು. ಮೇ ಕೊನೆಯಲ್ಲಿ ಪುಟ್ ಕೊಂಡವರು ಏಪ್ರಿಲ್‌ನಲ್ಲಿ ಕೊಂಡವರಿಗಿಂತ ಬಹಳ ಹೆಚ್ಚು ತೆತ್ತರು. ಜೂನ್ 4ರಂದು ನಿಫ್ಟಿ ಶೇ 5.9ರಷ್ಟು ಕುಸಿದು 21,884ಕ್ಕೆ ಬಂತು. ಜೂನ್ 7ರ ಹೊತ್ತಿಗೆ ಅದು 23,290ಕ್ಕೆ ಮರಳಿತ್ತು, ವಿಕ್ಸ್ ಕೂಡ ಇಳಿದಿತ್ತು. ಆ ಒಂದು ದಿನದಂದೇ ಮಾರದವರ ಪುಟ್‌ಗಳ ಬೆಲೆ ಕರಗಿಹೋಯಿತು.

ಖರ್ಚು ತಗ್ಗಿಸಲು ಎರಡು ದಾರಿಗಳು ಬಳಕೆಯಲ್ಲಿವೆ. 23,750ರ ಪುಟ್ ಕೊಂಡು 22,500ರದನ್ನು ಮಾರಿದರೆ ಖರ್ಚು 240ರಿಂದ 130ಕ್ಕೆ ಇಳಿಯುತ್ತದೆ. ಆದರೆ ರಕ್ಷಣೆ 1,250 ಅಂಶಗಳಿಗೆ ನಿಂತುಹೋಗುತ್ತದೆ. ಶೇ 20ರ ಕುಸಿತದಲ್ಲಿ ತೆರಿಗೆಗೆ ಮೊದಲೇ 7.4 ಲಕ್ಷ ನಷ್ಟ. ದೊಡ್ಡ ಕುಸಿತಕ್ಕೆ ಹೆದರಿ ರಕ್ಷಣೆ ಕೊಳ್ಳುವವರು ದೊಡ್ಡ ಕುಸಿತದ ಭಾಗವನ್ನೇ ಮಾರುವುದರಲ್ಲಿ ಅರ್ಥವಿಲ್ಲ. ಇನ್ನೊಂದು ದಾರಿಯಲ್ಲಿ ಪುಟ್ ಜೊತೆಗೆ 26,500ರ ಕಾಲ್ ಮಾರುತ್ತಾರೆ; ಸೂಚ್ಯಂಕ ಸ್ಟ್ರೈಕ್ ಬೆಲೆಗಿಂತ ಎಷ್ಟು ಮೇಲೆ ಮುಗಿಯುತ್ತದೋ ಅಷ್ಟನ್ನು ಕೊಂಡವರಿಗೆ ಕೊಡುವ ಆಪ್ಷನ್ ಅದು. ಅದರಿಂದ ಸುಮಾರು 210 ಬರುವುದರಿಂದ ರಕ್ಷಣೆ ಬಹುತೇಕ ಪುಕ್ಕಟೆಯಾಗುತ್ತದೆ. ಪ್ರತಿಯಾಗಿ ಶೇ 6ಕ್ಕಿಂತ ಮೇಲಿನ ಏರಿಕೆಯನ್ನು ಬಿಟ್ಟುಕೊಡಬೇಕು, ಭದ್ರತೆಯಾಗಿ ಮಾರ್ಜಿನ್ ಇಡಬೇಕು, ಮತ್ತು ಮಾರುಕಟ್ಟೆ ಏರಿದಾಗ ಷೇರು ಮಾರದೆಯೇ ಕಾಲ್‌ನ ನಷ್ಟವನ್ನು ನಗದಿನಲ್ಲಿ ತುಂಬಬೇಕು.

ಕೊನೆಯದಾಗಿ, ಪುಟ್ಟನ್ನು ಹೋಲಿಸಬೇಕಾದದ್ದು ಏನೂ ಮಾಡದೆ ಕೂರುವುದರ ಜೊತೆಗಲ್ಲ, ಒಂದಿಷ್ಟು ಷೇರು ಮಾರಿಬಿಡುವುದರ ಜೊತೆಗೆ. ನಮ್ಮ ಹೂಡಿಕೆದಾರರು ಪುಟ್ ಕೊಳ್ಳುವ ಬದಲು ಅರ್ಧ ಷೇರುಗಳನ್ನು ಮಾರಿ 20 ಲಕ್ಷವನ್ನು ಶೇ 6.5ರ ಠೇವಣಿಯಲ್ಲಿ ಇಟ್ಟಿದ್ದರೆ, ಮೂರು ತಿಂಗಳಿಗೆ 32,500 ರೂಪಾಯಿ ಬಡ್ಡಿ ಬರುತ್ತಿತ್ತು. ನಿಫ್ಟಿ ಶೇ 20ರಷ್ಟು ಕುಸಿದಾಗ ಉಳಿದರ್ಧದಲ್ಲಿ 4.8 ಲಕ್ಷ ಹೋಗಿ, ಬಡ್ಡಿ ಸೇರಿ ನಿವ್ವಳ ನಷ್ಟ 4.48 ಲಕ್ಷ. ತೆರಿಗೆಯ ನಂತರ ಪುಟ್ ಕೊಂಡವರ ನಷ್ಟ 4.81 ಲಕ್ಷವೆಂಬುದನ್ನು ನೆನೆದರೆ, ಎರಡೂ ಬಹುತೇಕ ಒಂದೇ. ಶೇ 10ರ ಕುಸಿತದಲ್ಲಿ ಮಾರಿದವರ ನಷ್ಟ 2.08 ಲಕ್ಷ, ಪುಟ್ ಕೊಂಡವರದು 3.42 ಲಕ್ಷ. ಮಾರುಕಟ್ಟೆ ಇದ್ದಲ್ಲೇ ಇದ್ದರೂ ಮಾರಿದವರೇ ಮುಂದೆ. ಪುಟ್ ಗೆಲ್ಲುವುದು ಎರಡು ತುದಿಗಳಲ್ಲಿ: ಕುಸಿತ ಶೇ 20ನ್ನು ಗಣನೀಯವಾಗಿ ಮೀರಿದಾಗ, ಇಲ್ಲವೇ ಮೂರು ತಿಂಗಳಲ್ಲಿ ನಿಫ್ಟಿ ಸುಮಾರು ಶೇ 3.3ಕ್ಕಿಂತ ಹೆಚ್ಚು ಏರಿದಾಗ.

ಈ ಹೋಲಿಕೆಯನ್ನು ಅತ್ತಿತ್ತ ವಾಲಿಸುವುದು ಮಾರಾಟದ ತೆರಿಗೆ. ಮಾರಬೇಕಾದ 20 ಲಕ್ಷದಲ್ಲಿ 10 ಲಕ್ಷ ದೀರ್ಘಾವಧಿ ಲಾಭವಿದ್ದರೆ, ವರ್ಷಕ್ಕೆ 1.25 ಲಕ್ಷದ ವಿನಾಯಿತಿ ಕಳೆದು ಶೇ 12.5ರಂತೆ ಸುಮಾರು 1.09 ಲಕ್ಷ ತೆರಿಗೆ ಇಂದೇ ಕಟ್ಟಬೇಕಾಗುತ್ತದೆ. ಅದು ಎರಡು ತ್ರೈಮಾಸಿಕಗಳ ಪ್ರೀಮಿಯಂಗಿಂತ ಹೆಚ್ಚು. ಹಳೆಯ ಬೆಲೆಗೆ ಕೊಂಡು ದೊಡ್ಡ ಲಾಭದಲ್ಲಿರುವವರು, ಲಾಕ್-ಇನ್ ಇರುವುದರಿಂದ ಮಾರಲಾಗದವರು, ಮೂರು ತಿಂಗಳ ನಂತರ ಮನೆಯ ನೋಂದಣಿಗೋ ಮಕ್ಕಳ ಶುಲ್ಕಕ್ಕೋ ಹಣ ಬೇಕಾಗಿದ್ದು ಅಲ್ಲಿಯವರೆಗೆ ಏರಿಕೆಯನ್ನೂ ಬಿಡಲೊಲ್ಲದವರು, ಇವರಿಗೆ ವಿಕ್ಸ್ ಕಡಿಮೆಯಿರುವಾಗ ಒಂದು ನಿರ್ದಿಷ್ಟ ಅವಧಿಗೆ ಕೊಂಡ ಪುಟ್ ತನ್ನ ಬೆಲೆಗೆ ತಕ್ಕುದಾಗಿರುತ್ತದೆ. ಪ್ರೀಮಿಯಂ ಹಣವನ್ನು ಅಡವಿಟ್ಟ ಷೇರುಗಳ ಮಾರ್ಜಿನ್‌ನಿಂದ ಕೊಡಲಾಗುವುದಿಲ್ಲ, ನಗದಾಗಿಯೇ ಇರಬೇಕು ಎಂಬುದನ್ನು ಅವರು ಮೊದಲೇ ನೋಡಿಕೊಳ್ಳಬೇಕು. ತೆರಿಗೆಯ ಹೊರೆಯಿಲ್ಲದೆ ಮಾರಬಲ್ಲವರಿಗೆ, ಮತ್ತು ಇನ್ನೂ ಹತ್ತು ವರ್ಷ ತಿಂಗಳು ತಿಂಗಳೂ ಕೊಳ್ಳುತ್ತಲೇ ಹೋಗುವವರಿಗೆ, ವರ್ಷಕ್ಕೆ ಶೇ 4.7 ತೆತ್ತು ಈ ರಕ್ಷಣೆ ಕೊಳ್ಳಿ ಎಂದು ನಾನು ಹೇಳಲಾರೆ.